ಬಸ್ ಶೆಲ್ಟರ್ ರೆಂಡರ್‌ನಲ್ಲಿ ಎಷ್ಟು ಜನ ನಿಲ್ಲಬೇಕು? ಮುಂಬೈಯಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯಲ್ಲಿ ಕಟ್ಟಡಗಳ ತ್ರೀಡಿ ಚಿತ್ರ ಮಾಡುವುದು ನನ್ನ ಕಸುಬು. ಮಾಟುಂಗ, ಸಯಾನ್, ಡೊಂಬಿವಲಿ ಕಡೆಯ ಕನ್ನಡದ ಹುಡುಗರು, ಹುಡುಗಿಯರು ಆರ್ಕಿಟೆಕ್ಚರ್ ಓದುತ್ತಿರುವಾಗ ಫೋನ್ ಮಾಡಿ ಸಂದೇಹ ಕೇಳುತ್ತಾರೆ. ಬಸ್ ಶೆಲ್ಟರ್ ಬಗ್ಗೆ ಬರುವ ಪ್ರಶ್ನೆಗಳು ಹೆಚ್ಚು ಕಮ್ಮಿ ಇವೇ. ಉತ್ತರಗಳಿಗೆಲ್ಲ ಒಂದೇ ಶೆಲ್ಟರ್ ಇಟ್ಟುಕೊಂಡಿದ್ದೇನೆ: ಮಾಟುಂಗ ಪೂರ್ವದ ಫುಟ್‌ಪಾತ್ ಮೇಲೆ 6 ಮೀಟರ್ ಉದ್ದ, 1.8 ಮೀಟರ್ ಅಗಲ, 2.6 ಮೀಟರ್ ಎತ್ತರದ ಚಾವಣಿ, 3 ಮೀಟರ್ ಉದ್ದದ ಬೆಂಚು, ಹಿಂದುಗಡೆ ಜಾಹೀರಾತಿನ ಫಲಕ.

## ಶುರು ಮಾಡುವವರಿಗೆ

ಶೆಲ್ಟರ್ ಚೆನ್ನಾಗಿ ತೋರಿಸಿದರೆ ಸಾಲದಾ? ಜನ ಯಾಕೆ ಬೇಕು?

ಶೆಲ್ಟರ್‌ನ ಅಳತೆ ಸರಿಯೋ ತಪ್ಪೋ ಅನ್ನುವುದು ಜನ ನಿಂತ ಮೇಲೆಯೇ ಗೊತ್ತಾಗುವುದು. 1.8 ಮೀಟರ್ ಅಗಲ ಖಾಲಿ ಚಿತ್ರದಲ್ಲಿ ಧಾರಾಳವಾಗಿ ಕಾಣುತ್ತದೆ. ಬೆಂಚಿನ ಮೇಲೆ ಕೂತವರ ಮೊಣಕಾಲು, ಅವರ ಮುಂದೆ ನಿಂತವರ ಬ್ಯಾಗು ಬಂದಾಗ ಎಷ್ಟು ಇಕ್ಕಟ್ಟು ಅಂತ ತಿಳಿಯುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಸಂಜೆ ಏಳು ಗಂಟೆಯ ಚಿತ್ರದಲ್ಲಿ ಮೂರೇ ಜನರನ್ನು ಹಾಕಿದ್ದೆ. ಅದನ್ನು ನೋಡಿದ ಹಿರಿಯರೊಬ್ಬರು, ದಿನಾ ಅದೇ ಸ್ಟಾಪಿನಲ್ಲಿ ಬಸ್ ಹತ್ತುವವರು, "ಇದು ಬಂದ್ ದಿನದ ಚಿತ್ರವೇನಪ್ಪ?" ಎಂದು ಕೇಳಿದರು. ಅವರ ಮಾತು ಸರಿಯಾಗಿತ್ತು. ಆ ಚಿತ್ರ ನೋಡಿ ಬೆಂಚಿನ ಉದ್ದ ನಿರ್ಧಾರ ಮಾಡಿದ್ದರೆ ತಪ್ಪಾಗುತ್ತಿತ್ತು.

ಕಂಪ್ಯೂಟರ್ ಮುಂದೆ ಕೂರೋಕೆ ಮೊದಲು ಏನೇನು ನೋಡಿಕೊಂಡು ಬರಬೇಕು?

ಟೇಪು, ಒಂದು ಪುಸ್ತಕ, ಒಂದು ಗಂಟೆ ಸಮಯ, ಇಷ್ಟು ಸಾಕು. ಶೆಲ್ಟರ್ ಯಾವ ದಿಕ್ಕಿಗೆ ತೆರೆದಿದೆ ಎಂದು ಮೊದಲು ಬರೆದುಕೊಳ್ಳಿ. ನೆರಳೆಲ್ಲ ಅದರ ಮೇಲೆ ನಿಂತಿದೆ. ಆಮೇಲೆ ಎರಡೆರಡು ನಿಮಿಷಕ್ಕೊಮ್ಮೆ ತಲೆ ಎಣಿಸಿ. ಕೂತವರು ಎಷ್ಟು, ಚಾವಣಿ ಕೆಳಗೆ ನಿಂತವರು ಎಷ್ಟು, ಹೊರಗೆ ನಿಂತವರು ಎಷ್ಟು ಅಂತ ಮೂರು ಸಾಲು ಮಾಡಿಕೊಳ್ಳಿ. ಬಸ್ ಬಂದ ಹೊತ್ತನ್ನೂ ಪಕ್ಕದಲ್ಲಿ ಬರೆಯಿರಿ. ಮಾಟುಂಗದಲ್ಲಿ ಎದುರಿನ ಉಡುಪಿ ಹೋಟೆಲಿನಲ್ಲಿ ಕಾಫಿ ಇಟ್ಟುಕೊಂಡು ಕೂತರೂ ಈ ಲೆಕ್ಕ ಆಗುತ್ತದೆ. ದೂರದಿಂದ ನೋಡುವುದೇ ಒಳ್ಳೆಯದು. ಹತ್ತಿರ ನಿಂತು ಎಣಿಸಿದರೆ ಜನ ಸರಿದು ನಿಲ್ಲುತ್ತಾರೆ.

ಕ್ಯಾಮೆರಾ ಎಷ್ಟು ಎತ್ತರದಲ್ಲಿ ಇಡಲಿ? ನನ್ನ ಜನ ಕೆಲವರು ದೈತ್ಯರ ಥರ ಕಾಣ್ತಾರೆ.

1.5 ಮೀಟರ್‌ನಲ್ಲಿ ಇಡಿ. ರಸ್ತೆ ಸಮತಟ್ಟಾಗಿದ್ದರೆ ಆಗ ನಿಮಗೆ ಒಂದು ಸುಲಭದ ಪರೀಕ್ಷೆ ಸಿಗುತ್ತದೆ. ಹತ್ತಿರದವರಾಗಲಿ ದೂರದವರಾಗಲಿ, ಕ್ಯಾಮೆರಾದಷ್ಟೇ ಎತ್ತರದಲ್ಲಿ ಕಣ್ಣಿರುವ ಎಲ್ಲರ ಕಣ್ಣೂ ದಿಗಂತದ ಗೆರೆಯ ಮೇಲೇ ಬರಬೇಕು. ಚಿತ್ರದ ಮೇಲೆ ಒಂದು ಅಡ್ಡಗೆರೆ ಎಳೆದು ನೋಡಿ. ದೂರದಲ್ಲಿರುವ ಒಬ್ಬರ ಎದೆ ಆ ಗೆರೆಗೆ ಬಂದಿದ್ದರೆ, ಒಂದೋ ಅವರ ಅಳತೆ ತಪ್ಪಿದೆ, ಇಲ್ಲಾ ಪಾದ ನೆಲದಿಂದ ಮೇಲೆ ತೇಲುತ್ತಿದೆ.

ದೈತ್ಯರಾಗಲು ಇನ್ನೊಂದು ಕಾರಣವಿದೆ. ಹೊರದೇಶದ ತ್ರೀಡಿ ಮಾಡೆಲ್ ಲೈಬ್ರರಿಗಳ ಗಂಡಸು ಸಾಮಾನ್ಯವಾಗಿ 1.8 ಮೀಟರ್ ಇರುತ್ತಾನೆ. ನಮ್ಮ ಫುಟ್‌ಪಾತಿಗೆ ಗಂಡಸರನ್ನು 1.65ರ ಸುತ್ತ, ಹೆಂಗಸರನ್ನು 1.52ರ ಸುತ್ತ ಇಡಿ. ಒಬ್ಬೊಬ್ಬರಲ್ಲಿ ಐದಾರು ಸೆಂಟಿಮೀಟರ್ ಹೆಚ್ಚು ಕಮ್ಮಿ ಮಾಡಿ. ದಪ್ಪ ಕೋಟು, ಮಫ್ಲರ್ ಹಾಕಿದವರನ್ನು ಸುಮ್ನೆ ತೆಗೆದುಹಾಕಿ.

## ಜನರ ಲೆಕ್ಕ

ಎಷ್ಟು ಜನ ಅಂತ ಹೇಗೆ ಗೊತ್ತಾಗುತ್ತೆ? ಅಂದಾಜಿಗೆ ಹಾಕಿಬಿಡಲಾ?

ಅಂದಾಜು ಬೇಡ. ಲೆಕ್ಕ ಬಹಳ ಸರಳ: ನಿಮಿಷಕ್ಕೆ ಎಷ್ಟು ಜನ ಸ್ಟಾಪಿಗೆ ಬರುತ್ತಾರೋ ಅದನ್ನು ಒಬ್ಬರು ಸರಾಸರಿ ಕಾಯುವ ನಿಮಿಷದಿಂದ ಗುಣಿಸಿದರೆ, ಯಾವುದೇ ಹೊತ್ತಿನಲ್ಲಿ ಸರಾಸರಿ ನಿಂತಿರುವ ಜನ ಸಿಗುತ್ತಾರೆ.

ನಮ್ಮ ಶೆಲ್ಟರ್‌ಗೆ ಸಂಜೆ ನಿಮಿಷಕ್ಕೆ 2 ಜನ ಬರುತ್ತಾರೆ, ಒಂದೇ ರೂಟಿನ ಬಸ್ 12 ನಿಮಿಷಕ್ಕೊಂದು ಎಂದು ಇಟ್ಟುಕೊಳ್ಳಿ. ಬಸ್ ಹೊರಟ ಕ್ಷಣದಲ್ಲಿ ಯಾರೂ ಇಲ್ಲ. ಮುಂದಿನ ಬಸ್ ಬರುವ ಮುಂಚೆ 24 ಜನ. ಸರಾಸರಿ ಕಾಯುವುದು 6 ನಿಮಿಷ, ಸರಾಸರಿ ಜನ 12.

ಆದರೆ ಟ್ರಾಫಿಕ್ಕಿನಲ್ಲಿ ಬಸ್ ಹಾಗೆ ಅಳೆದಂತೆ ಬರುವುದಿಲ್ಲ ಅಲ್ವಾ? ಎರಡು ಬಸ್ ಬೆನ್ನಿಗೆ ಬೆನ್ನು ಬರುತ್ತವೆ, ಆಮೇಲೆ ದೊಡ್ಡ ಬಿಡುವು. 4 ನಿಮಿಷಕ್ಕೆ ಒಂದು, 20 ನಿಮಿಷಕ್ಕೆ ಒಂದು ಬಂದರೂ ಸರಾಸರಿ ಅಂತರ 12 ನಿಮಿಷವೇ. ಆದರೆ ಹೆಚ್ಚು ಜನ ಬಂದು ಸೇರುವುದು ಆ 20 ನಿಮಿಷದ ಬಿಡುವಿನಲ್ಲಿ. ಹಾಗಾಗಿ ಕಾಯುವ ಹೊತ್ತು ಏರುತ್ತದೆ. ನೀವೇ ಲೆಕ್ಕ ಹಾಕಿ ನೋಡಿ:

```python
gaps = [4, 20]   # minutes
rate = 2         # people per minute
wait = sum(g*g for g in gaps) / (2 * sum(gaps))
print(wait, rate * wait)
```

ಕಾಯುವುದು 8.7 ನಿಮಿಷ ಬರುತ್ತದೆ, ಸರಾಸರಿ ಜನ 17. ಉದ್ದನೆಯ ಬಿಡುವಿನ ಕೊನೆಗೆ 40 ಜನ. ಅಂದರೆ ಒಂದೇ ಶೆಲ್ಟರ್‌ಗೆ ಸೊನ್ನೆಯೂ ನಿಜ, ಹದಿನೇಳೂ ನಿಜ, ನಲವತ್ತೂ ನಿಜ. ನೀವು ಯಾವ ಕ್ಷಣ ತೋರಿಸುತ್ತಿದ್ದೀರಿ ಎಂದು ಮೊದಲು ನಿರ್ಧಾರ ಮಾಡಿ, ಅದನ್ನು ಚಿತ್ರದ ಕೆಳಗೆ ಬರೆಯಿರಿ: "ಸಂಜೆ 6.40, ಬಸ್ ಬರುವ ಮುಂಚೆ". ಈ ಒಂದು ಸಾಲು ಎಷ್ಟೋ ಜಗಳ ತಪ್ಪಿಸುತ್ತದೆ. ತುಂಬಿದ ಬಸ್ ಎಲ್ಲರನ್ನೂ ಹತ್ತಿಸಿಕೊಳ್ಳದೆ ಹೋಗುವ ಜಾಗವಾದರೆ, ಉಳಿದವರನ್ನು ಮುಂದಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಸರಿ, 24 ಜನ ಅಂತ ಆಯ್ತು. ಎಲ್ಲರನ್ನೂ ಚಾವಣಿ ಕೆಳಗೆ ನಿಲ್ಲಿಸಿದೆ. ಆದರೂ ಕೃತಕ ಅನ್ನಿಸ್ತಿದೆ.

ಚಾವಣಿ ಕೆಳಗಿನ ಜಾಗ 10.8 ಚದರ ಮೀಟರ್. ಬೆಂಚು ಸುಮಾರು 1.4 ತಿನ್ನುತ್ತದೆ. ಕೂತವರ ಕಾಲು ಚಾಚಲು ಇನ್ನೂ 1.2 ಹೋಗುತ್ತದೆ. ನಿಲ್ಲುವವರಿಗೆ ಉಳಿಯುವುದು 8.2.

ಕಾಯುವ ಜನಕ್ಕೆ ಎಷ್ಟು ಜಾಗ ಬೇಕು ಎಂದು ಅಮೆರಿಕದ ಎಂಜಿನಿಯರ್ ಜಾನ್ ಫ್ರೂಯಿನ್ ಅಳೆದಿಟ್ಟಿದ್ದಾರೆ. ಅದು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಒಬ್ಬರಿಗೆ 0.65ರಿಂದ 0.93 ಚದರ ಮೀಟರ್ ಇದ್ದರೆ ಜನ ಇದ್ದಾರೆ, ಆದರೆ ಸರಿದು ಹೋಗಬಹುದು. 0.28ರಿಂದ 0.65 ಇದ್ದರೆ ಇಕ್ಕಟ್ಟು, ಮೈ ತಾಗದೆ ನಿಲ್ಲಬಹುದು ಅಷ್ಟೇ. 0.28ಕ್ಕಿಂತ ಇಳಿದರೆ ಮೈಗೆ ಮೈ ತಾಗಲೇಬೇಕು.

24 ಜನರಲ್ಲಿ 6 ಜನ ಬೆಂಚಿನ ಮೇಲೆ, ತಲೆಗೆ ಅರ್ಧ ಮೀಟರ್‌ನಂತೆ. ಉಳಿದ 18 ಜನರನ್ನೂ ಒಳಗೆ ತುಂಬಿದರೆ ಒಬ್ಬರಿಗೆ 0.45 ಸಿಗುತ್ತದೆ. ಮಳೆಯಿಲ್ಲದ ಸಂಜೆ, ಪಕ್ಕದಲ್ಲೇ ಖಾಲಿ ಫುಟ್‌ಪಾತ್ ಇರುವಾಗ ಯಾರು ಹಾಗೆ ಒತ್ತಿಕೊಂಡು ನಿಲ್ಲುತ್ತಾರೆ? ಅದಕ್ಕೇ ನಿಮ್ಮ ಚಿತ್ರ ಕೃತಕ ಅನ್ನಿಸುತ್ತಿರುವುದು. 10 ಜನರನ್ನು ಒಳಗೆ ಬಿಡಿ, ಒಬ್ಬರಿಗೆ 0.8 ಆಗುತ್ತದೆ. 8 ಜನರನ್ನು ಹೊರಗೆ ಕಳಿಸಿ. ಅವರಲ್ಲಿ ಮೂರ್ನಾಲ್ಕು ಜನ ಬಸ್ ಬರುವ ತುದಿಯಲ್ಲಿ ಫುಟ್‌ಪಾತಿನ ಅಂಚಿಗೆ, ಇಬ್ಬರು ಕಂಬಕ್ಕೆ ಒರಗಿ, ಒಬ್ಬರು ರಸ್ತೆಗೇ ಇಳಿದು ಬಸ್ ನಂಬರ್ ಓದುತ್ತಾ, ಇನ್ನೊಬ್ಬರು ದೂರದಲ್ಲಿ ಫೋನಿನಲ್ಲಿ. ಶೆಲ್ಟರ್‌ನ ಇನ್ನೊಂದು ತುದಿ ಸ್ವಲ್ಪ ಖಾಲಿಯೇ ಇರಲಿ.

40 ಜನರ ಕ್ಷಣಕ್ಕೂ ಹೀಗೇ: 6 ಕೂತು, 16 ಒಳಗೆ, 18 ಹೊರಗೆ. ಆಗ ಒಳಗಿನವರಿಗೆ ಅರ್ಧ ಚದರ ಮೀಟರ್. ಅದನ್ನು ಮುಂಬೈಯವರು ನಂಬುತ್ತಾರೆ.

ಡಿಸೆಂಬರ್ ಮಧ್ಯಾಹ್ನದ ಚಿತ್ರ. ಚಾವಣಿ ಇದೆ, ಆದರೂ ಎಲ್ಲರೂ ಬಿಸಿಲಲ್ಲಿ ನಿಂತಿದ್ದಾರೆ. ಬೆಳಕು ತಪ್ಪಾ?

ಬೆಳಕು ಸರಿಯಿದೆ, ಜನ ತಪ್ಪು ಜಾಗದಲ್ಲಿ ನಿಂತಿದ್ದಾರೆ. ಮುಂಬೈ 19 ಡಿಗ್ರಿ ಉತ್ತರದಲ್ಲಿದೆ. ಡಿಸೆಂಬರ್ ಕೊನೆಯ ನಡುಹಗಲಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 47.5 ಡಿಗ್ರಿ ಎತ್ತರದಲ್ಲಿರುತ್ತಾನೆ. ನಮ್ಮ ಶೆಲ್ಟರ್ ದಕ್ಷಿಣಕ್ಕೆ ತೆರೆದಿದೆ ಅಂದುಕೊಳ್ಳಿ. 2.6 ಮೀಟರ್ ಎತ್ತರದ ಚಾವಣಿಯ ನೆರಳು ನೆಲದ ಮೇಲೆ 2.4 ಮೀಟರ್ ಉತ್ತರಕ್ಕೆ ಸರಿಯುತ್ತದೆ. ಚಾವಣಿಯ ಅಗಲವೇ 1.8. ಅಂದರೆ ಅದರ ನೆರಳಿನ ಒಂದು ಚೂರೂ ಶೆಲ್ಟರ್ ಒಳಗಿನ ನೆಲದ ಮೇಲೆ ಬೀಳುವುದಿಲ್ಲ!

ಆದರೆ ಜನಕ್ಕೆ ನೆರಳು ಬೇಕಾಗಿರುವುದು ತಲೆಗೆ. 1.6 ಮೀಟರ್ ಎತ್ತರದಲ್ಲಿ ನೆರಳು ಸರಿದಿರುವುದು 0.9 ಮೀಟರ್ ಮಾತ್ರ. ಹಾಗಾಗಿ ಹಿಂದಿನ ಅರ್ಧದಲ್ಲಿ ನಿಂತವರ ತಲೆಗೆ ನೆರಳು, ಕಾಲಿಗೆ ಬಿಸಿಲು. ಮುಂದಿನ ಅರ್ಧದಲ್ಲಿ ನಿಂತವರಿಗೆ ಎಲ್ಲವೂ ಬಿಸಿಲು. ಎಲ್ಲರನ್ನೂ ಹಿಂದಿನ ಫಲಕದ ಕಡೆಗೆ ಒತ್ತಿ. ಬೆಂಚು ತುಂಬಲಿ. ಬಿಸಿಲಿನಲ್ಲಿ ಉಳಿಯುವವರ ತಲೆ ಮೇಲೆ ದುಪಟ್ಟಾನೋ ಫೈಲೋ ಇರಲಿ. ಪಾದದ ಮೇಲೆ ಬಿಸಿಲು, ಮುಖದ ಮೇಲೆ ನೆರಳು ಬಂದ ಕೂಡಲೇ ಚಿತ್ರ ನಿಜದ ಹತ್ತಿರ ಬರುತ್ತದೆ.

ಬ್ಲೆಂಡರ್‌ನಲ್ಲಿ `Sun Position` ಆಡ್-ಆನ್ ಹಾಕಿ ಅಕ್ಷಾಂಶ 19.03, ರೇಖಾಂಶ 72.85, `UTC` 5.5 ಕೊಡಿ. ಉತ್ತರ ದಿಕ್ಕನ್ನು ಸರಿಯಾಗಿ ಹೊಂದಿಸಿ. ಮೇ ತಿಂಗಳ ನಡುವಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆರಳು ಚಾವಣಿಯ ನೇರ ಕೆಳಗೇ ಬೀಳುತ್ತದೆ, ಜನರ ಹಂಚಿಕೆಯೂ ಬೇರೆಯಾಗುತ್ತದೆ.

ಜನ ಯಾವ ಕಡೆ ನೋಡಬೇಕು?

ಬಲಕ್ಕೆ. ನಮ್ಮಲ್ಲಿ ವಾಹನ ರಸ್ತೆಯ ಎಡಗಡೆ ಓಡುತ್ತವೆ. ಫುಟ್‌ಪಾತಿನಲ್ಲಿ ರಸ್ತೆಗೆ ಮುಖ ಮಾಡಿ ನಿಂತವರಿಗೆ ಬಸ್ ಬಲಗಡೆಯಿಂದ ಬರುತ್ತದೆ. ಬಸ್ಸಿನ ಬಾಗಿಲು ಅದರ ಎಡ ಮೈಯಲ್ಲಿರಬೇಕು. ಹೊರದೇಶದ ಬಸ್ ಮಾಡೆಲ್ ತಂದು ಕೆಂಪು ಬಣ್ಣ ಬಳಿದರೆ ಬೆಸ್ಟ್ ಬಸ್ ಆಗುವುದಿಲ್ಲ, ಬಾಗಿಲು ರಸ್ತೆ ನಡುವಿಗೆ ತೆರೆದುಕೊಳ್ಳುತ್ತದೆ. ಅರ್ಧದಷ್ಟು ಜನ ಮಾತ್ರ ಬಲಕ್ಕೆ ನೋಡಲಿ. ಮಿಕ್ಕವರ ತಲೆ ಫೋನಿನ ಕಡೆಗೆ ಬಗ್ಗಿರುತ್ತದೆ.

## ಬಾಳಿಕೆ ಬರುವ ವಸ್ತುಗಳು

ಸ್ಟೇನ್‌ಲೆಸ್ ಸ್ಟೀಲ್ ಹಾಕಿದ್ರೆ ಕನ್ನಡಿ ಥರ ಹೊಳೆಯುತ್ತೆ. ನಿಜವಾದದ್ದು ಹಾಗಿರಲ್ವಲ್ಲ?

ಇರುವುದಿಲ್ಲ. ಬಸ್ ಶೆಲ್ಟರ್‌ಗೆ ಬಳಸುವುದು ಸಾಮಾನ್ಯವಾಗಿ ಉಜ್ಜಿದ, ಮಂದ ಹೊಳಪಿನ ಸ್ಟೀಲ್. ಅದಕ್ಕೆ `Metallic` 1, `Roughness` 0.35ರ ಹತ್ತಿರ ಇಡಿ. ಉಜ್ಜಿದ ಗೆರೆಗಳ ದಿಕ್ಕಿಗೆ `Anisotropic` ಸ್ವಲ್ಪ ಏರಿಸಿ. ಪೈಪಿನ ಮೇಲೆ ಬೆಳಕು ಚುಕ್ಕೆಯಾಗಿ ಕೂರದೆ ಪಟ್ಟಿಯಾಗಿ ಹರಡುತ್ತದೆ.

ಇದಕ್ಕಿಂತ ಮುಖ್ಯವಾದದ್ದು ತಗಡಿನ ಅಲೆ. ಒಂದು, ಒಂದೂವರೆ ಮಿಲಿಮೀಟರ್ ತಗಡು ಒಂದು ಮೀಟರ್ ಅಗಲಕ್ಕೆ ಹರಡಿದಾಗ ಎಂದೂ ಪೂರ್ತಿ ಸಮ ಇರುವುದಿಲ್ಲ. ವೆಲ್ಡಿನ ಬಿಸಿಗೆ, ಸ್ಕ್ರೂ ಬಿಗಿತಕ್ಕೆ ಸಣ್ಣಗೆ ಉಬ್ಬಿ ತಗ್ಗುತ್ತದೆ. ಕಣ್ಣಿಗೆ ಅದು ಕಾಣದು, ಆದರೆ ಪ್ರತಿಬಿಂಬದಲ್ಲಿ ಕಾಣುತ್ತದೆ. ಎದುರು ಅಂಗಡಿಯ ನೇರ ಗೆರೆ ತಗಡಿನಲ್ಲಿ ಸೊಟ್ಟಗೆ ಹರಿಯುತ್ತದೆ. ದೊಡ್ಡ ಅಳತೆಯ, ಬಹಳ ಮೆಲುವಾದ `Noise` ಒಂದನ್ನು `Bump`ಗೆ ಕೊಟ್ಟರೆ ಇದು ಬರುತ್ತದೆ. ಚೂಪಾದ ಅಂಚುಗಳಿಗೆ ಎರಡು ಮಿಲಿಮೀಟರ್ `Bevel` ಕೊಡಿ.

ಹಳೇದಾಗಿ ಕಾಣಲಿ ಅಂತ ತುಕ್ಕಿನ ಟೆಕ್ಸ್‌ಚರ್ ಹಾಕಿದೆ. ಗುಜರಿ ಅಂಗಡಿ ಥರ ಆಯ್ತು.

ತುಕ್ಕು ಎಲ್ಲ ಕಡೆ ಒಂದೇ ಸಮ ಬರುವುದಿಲ್ಲ, ಅದಕ್ಕೆ ಕಾರಣ ಬೇಕು. ಗ್ಯಾಲ್ವನೈಸ್ ಮಾಡಿದ ಕಬ್ಬಿಣದ ಕಂಬ ತೆಗೆದುಕೊಳ್ಳಿ. ದಪ್ಪ ಕಬ್ಬಿಣದ ಮೇಲೆ ಸತುವಿನ ಪದರ ಸುಮಾರು 85 ಮೈಕ್ರಾನ್ ಇರುತ್ತದೆ. ಅದು ಇರುವಷ್ಟು ದಿನ ಕಂಬ ಬೂದುಬಣ್ಣಕ್ಕೆ ತಿರುಗುತ್ತದೆಯೇ ಹೊರತು ಕೆಂಪಗಾಗುವುದಿಲ್ಲ. ಆದರೆ ಜಾಗದಲ್ಲೇ ವೆಲ್ಡ್ ಮಾಡಿದ ಕಡೆ ಸತು ಸುಟ್ಟು ಹೋಗಿರುತ್ತದೆ. ತುಕ್ಕು ಹಿಡಿಯುವುದು ಅಲ್ಲಿ. ಇನ್ನೊಂದು ಜಾಗ ಕಂಬದ ಬುಡ. ನಾಲ್ಕು ಬೋಲ್ಟಿನ ಪ್ಲೇಟಿನ ಸುತ್ತ ಪೇವರ್ ಬ್ಲಾಕಿನ ನಡುವೆ ನೀರು, ಮಣ್ಣು ಕೂತಿರುತ್ತದೆ.

ನಮ್ಮ ಶೆಲ್ಟರ್‌ಗೆ ಮೂರು ಮಳೆಗಾಲ ವಯಸ್ಸು ಎಂದು ಇಟ್ಟುಕೊಂಡು ನಾನು ಹಾಕುವುದು ಇಷ್ಟೇ: ಬೋಲ್ಟಿನ ಸುತ್ತ ಕಂದು ಉಂಗುರ, ಚಾವಣಿ ಅಂಚಿನ ಒಂದು ವೆಲ್ಡಿನಿಂದ ಒಂದು ಗೇಣು ಕೆಳಗೆ ಇಳಿದ ಕಲೆ. ನೆಲದಿಂದ 30 ಸೆಂಟಿಮೀಟರ್‌ವರೆಗೆ ಕೆಸರಿನ ಎರಚು. ಜನ ಹಿಡಿದು ನಿಲ್ಲುವ ಎತ್ತರದಲ್ಲಿ, ಅಂದರೆ ಒಂದು ಮೀಟರ್‌ನಿಂದ ಒಂದೂಕಾಲು ಮೀಟರ್‌ವರೆಗೆ, ಕಂಬ ಉಳಿದ ಕಡೆಗಿಂತ ನುಣುಪು. ಬೆಂಚಿನ ಮುಂದಿನ ಅಂಚೂ ಹಾಗೇ. ಅಂದರೆ ಅಲ್ಲಿ `Roughness` ಇಳಿಸಬೇಕು. ಜನ ಮುಟ್ಟುವ ಜಾಗ ಹೊಳೆಯುತ್ತದೆ, ಮುಟ್ಟದ ಜಾಗ ಮಾಸುತ್ತದೆ. ಕಿತ್ತ ಸ್ಟಿಕ್ಕರಿನ ಗೋಂದು ಫಲಕದ ಒಂದು ಮೂಲೆಯಲ್ಲಿ ಇರಲಿ.

ಗೋವಾ, ಪುಣೆಗೂ ಇದೇ ಮೆಟೀರಿಯಲ್ ನಡೆಯುತ್ತಾ?

ಆಕಾರ ನಡೆಯುತ್ತದೆ, ಕಲೆ ಬೇರೆ. ಪಣಜಿಯಲ್ಲೋ ವರಳಿಯ ಕಡಲ ಬದಿಯಲ್ಲೋ ಉಪ್ಪು ಗಾಳಿಗೆ 304 ದರ್ಜೆಯ ಸ್ಟೇನ್‌ಲೆಸ್ ಮೇಲೆ ಚಹಾ ಚೆಲ್ಲಿದಂಥ ಕಂದು ಕಲೆ ಬರುತ್ತದೆ. 316ರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಮ್ ಇರುವುದರಿಂದ ಅದು ಹೆಚ್ಚು ತಡೆಯುತ್ತದೆ. ಬಹಳ ಜನ ಗಮನಿಸದ ವಿಷಯ: ಮಳೆ ತೊಳೆಯುವ ಮೇಲ್ಭಾಗಕ್ಕಿಂತ ಮಳೆ ತಾಗದ ಚಾವಣಿಯ ಅಡಿಭಾಗದಲ್ಲೇ ಕಲೆ ಜಾಸ್ತಿ, ಯಾಕೆಂದರೆ ಉಪ್ಪು ಅಲ್ಲೇ ಕೂತಿರುತ್ತದೆ. ಪುಣೆ ಕಡಲಿನಿಂದ ದೂರ. ಅಲ್ಲಿ ಉಪ್ಪಿನ ಬದಲು ಧೂಳು ತೋರಿಸಿ.

## ಮಳೆಗಾಲ

ಜುಲೈ ಮಳೆಯ ಚಿತ್ರ ಕೇಳಿದ್ದಾರೆ. ನೆಲ ಒದ್ದೆ ಮಾಡಿದ್ರೆ ಸಾಕಾ?

ಸಾಲದು, ಜನರನ್ನೂ ಬದಲಿಸಬೇಕು. ಗಾಳಿಗೆ ಮಳೆ 45 ಡಿಗ್ರಿ ಓರೆಯಾಗಿ ಮುಂದಿನಿಂದ ಹೊಡೆದರೆ, 2.6 ಮೀಟರ್ ಎತ್ತರದ ಚಾವಣಿಯ ಕೆಳಗೆ ನೀರು 2.6 ಮೀಟರ್ ಒಳಗೆ ಬರುತ್ತದೆ. ನಮ್ಮ ಶೆಲ್ಟರ್ 1.8. ಅಂದರೆ ಒಳಗಿನ ನೆಲ ಪೂರ್ತಿ ಒದ್ದೆ, ಕೂತವರ ಮೊಣಕಾಲೂ ಒದ್ದೆ. ಅದಕ್ಕೇ ಮುಂಬೈಯಲ್ಲಿ ಚಾವಣಿ ಕೆಳಗೂ ಜನ ಛತ್ರಿ ಬಿಡಿಸಿಕೊಂಡು ನಿಲ್ಲುತ್ತಾರೆ. ಬಿಡಿಸಿದ ಛತ್ರಿ ಒಂದು ಮೀಟರ್ ಅಗಲ, ಒಂದೊಂದೂ ಸುಮಾರು 0.8 ಚದರ ಮೀಟರ್ ಹಿಡಿಯುತ್ತದೆ. ಐದು ಛತ್ರಿ ಬಿಡಿಸಿದರೆ ನಿಲ್ಲುವ ಜಾಗದಲ್ಲಿ ಹತ್ತಿರ ಹತ್ತಿರ ಅರ್ಧ ಮುಗಿಯಿತು. ಹಾಗಾಗಿ ಮುಂದಿನ ಸಾಲಿನಲ್ಲಿ ಮೂರು ಬಿಡಿಸಿದ ಛತ್ರಿ ಗೋಡೆಯ ಹಾಗೆ ರಸ್ತೆಗೆ ಓರೆಯಾಗಲಿ. ಅವುಗಳ ಹಿಂದೆ ಜನ ಒತ್ತಿ ನಿಲ್ಲಲಿ, ಕೈಯಲ್ಲಿ ಮಡಚಿದ ಛತ್ರಿಯ ತುದಿಯಿಂದ ನೀರು ತೊಟ್ಟಿಕ್ಕಲಿ. ಮಳೆಗೆ ಮಾತ್ರ 0.45ರ ಇಕ್ಕಟ್ಟು ಸರಿ.

ನೆಲಕ್ಕೆ ಬಂದರೆ, ಪೇವರ್ ಬ್ಲಾಕ್ ನೀರು ಕುಡಿದು ಕಪ್ಪಾಗುತ್ತದೆ. ಬಣ್ಣವನ್ನು ಅರ್ಧದಷ್ಟು ಗಾಢ ಮಾಡಿ, `Roughness` 0.25ಕ್ಕೆ ಇಳಿಸಿ. ಸ್ಟೀಲ್ ಕಪ್ಪಾಗುವುದಿಲ್ಲ, ಅದರ ಮೇಲೆ ಹನಿ ಮಾತ್ರ. ಹೊಂಡವನ್ನು ಬ್ಲಾಕ್ ಕುಸಿದ ಕಡೆ ಮಾತ್ರ ಇಡಿ. ಚಾವಣಿಯ ನೀರು ಸುರಿಯುವ ಗೆರೆಯ ಕೆಳಗೆ ಸಾಮಾನ್ಯವಾಗಿ ಹೊಂಡಗಳ ಒಂದು ಸಾಲು ಇರುತ್ತದೆ. ಜನ ಆ ಗೆರೆಯಿಂದ ಎರಡೂ ಕಡೆ ಒಂದು ಮೊಳ ದೂರ ನಿಲ್ಲುತ್ತಾರೆ.

## ಕೈ ಪಳಗಿದವರಿಗೆ

ಬ್ಲೆಂಡರ್ ತಾನೇ ಜನರನ್ನು ಹಂಚುತ್ತಲ್ಲ, ಕೈಯಲ್ಲಿ ಯಾಕೆ ಇಡಬೇಕು?

`Distribute Points on Faces` ಎಂಬ ನೋಡ್‌ನಲ್ಲಿ `Poisson Disk` ಹಾಕಿ `Distance Min` 0.45 ಕೊಟ್ಟರೆ ಯಾರೂ ಯಾರ ಮೇಲೂ ಏರುವುದಿಲ್ಲ, ನಿಜ. ಆದರೆ ಅಂತರ ಎಲ್ಲ ಕಡೆ ಒಂದೇ ಥರ ಆಗಿ, ನೆಟ್ಟ ಸಸಿಗಳ ಹಾಗೆ ಕಾಣುತ್ತದೆ. ಜೊತೆಗೆ ಬಂದವರು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ, ಅಪರಿಚಿತರು ದೂರ. ನಾನು ಮೊದಲು ಕೈಯಲ್ಲೇ ಜೋಡಿಗಳನ್ನು ಇಡುತ್ತೇನೆ: ಅಮ್ಮ ಮಗು, ಇಬ್ಬರು ಕಾಲೇಜು ಹುಡುಗಿಯರು, ಆಫೀಸಿನ ಮೂವರು. ಬೆಂಚೂ ಕೈಯಲ್ಲೇ. ಆಮೇಲೆ ಒಂಟಿಯಾಗಿ ಬಂದವರನ್ನು ಮಾತ್ರ ನೋಡ್‌ಗೆ ಬಿಡುತ್ತೇನೆ. ನೆರಳಿಗೆ ಹೆಚ್ಚು, ಹನಿ ಬೀಳುವ ಗೆರೆಗೆ ಸೊನ್ನೆ ಎಂದು ತೂಕ ಬಳಿದು `Density Factor`ಗೆ ಕೊಡುತ್ತೇನೆ.

ಮಾಡೆಲ್ ಹದಿನಾಲ್ಕೇ ಇವೆ. ಕನ್ನಡಿಯಂತೆ ತಿರುಗಿಸಿ ಬಳಸಬಹುದಾ?

ಹುಷಾರಾಗಿ. ಸೀರೆಯ ಸೆರಗು ಹಿಂದಕ್ಕೆ ಇಳಿಯುವುದು ಎಡ ಭುಜದ ಮೇಲಿಂದ. ಕನ್ನಡಿ ಮಾಡಿದರೆ ಬಲ ಭುಜಕ್ಕೆ ಹೋಗುತ್ತದೆ. ನಮ್ಮ ಅಮ್ಮಂದಿರು ಅದನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಬ್ಯಾಗಿನ ಮೇಲಿನ ಅಕ್ಷರಗಳೂ ಉಲ್ಟಾ ಆಗುತ್ತವೆ. ತಿರುಗಿಸುವ ಬದಲು ಬಟ್ಟೆಯ ಬಣ್ಣ ಬದಲಿಸಿ, ಮೈಯನ್ನು ಬೇರೆ ಕೋನಕ್ಕೆ ನಿಲ್ಲಿಸಿ, ಕೈಗೆ ಡಬ್ಬದ ಚೀಲವನ್ನೋ ಎದೆಗೆ ಬ್ಯಾಗನ್ನೋ ಕೊಡಿ. ಎದ್ದು ಕಾಣುವ ಬಣ್ಣದ ಅಂಗಿ ಇಡೀ ಚಿತ್ರಕ್ಕೆ ಒಂದೇ ಇರಲಿ.

ಮಾಟುಂಗ ಸ್ಟೇಷನ್ ಹತ್ತಿರದ ಹೂವಿನ ಅಂಗಡಿಗೂ ಇದೇ ಲೆಕ್ಕವಾ?

ಗುಣಾಕಾರ ಅದೇ. ನಿಮಿಷಕ್ಕೆ ಒಬ್ಬರು ಬಂದು ಮೂರು ನಿಮಿಷ ನಿಂತರೆ ಸರಾಸರಿ ಮೂರು ಜನ. ಆದರೆ ಅಲ್ಲಿ ಬಸ್ ಬಂದು ಎಲ್ಲರನ್ನೂ ಒಟ್ಟಿಗೆ ಒಯ್ಯುವುದಿಲ್ಲ, ಹಾಗಾಗಿ ಸಂಖ್ಯೆ ಅಷ್ಟು ಏರಿಳಿಯುವುದಿಲ್ಲ. ಜನ ಅಂಗಡಿಗೆ ಮುಖ ಮಾಡಿ ಅರ್ಧ ಚಂದ್ರದಂತೆ ನಿಲ್ಲುತ್ತಾರೆ, ಅವರ ಬೆನ್ನ ಹಿಂದೆ ನಡೆಯುವವರಿಗೆ ದಾರಿ ಉಳಿಯಬೇಕು. ಹಬ್ಬದ ಹಿಂದಿನ ದಿನ ಬೇರೆಯಾಗಿ ಎಣಿಸಿ.

ಕೊನೆಗೆ ಸರಿಯಾಗಿದೆಯಾ ಅಂತ ಹೇಗೆ ನೋಡುವುದು?

ಮೇಲಿನಿಂದ ಒಂದು ನಕ್ಷೆಯ ನೋಟ ತೆಗೆದು, ಅದರ ಮೇಲೆ ಒಂದು ಮೀಟರ್ ಚೌಕಗಳನ್ನು ಎಳೆಯಿರಿ. ಒಂದೊಂದು ಚೌಕದಲ್ಲಿ ಎಷ್ಟು ತಲೆ ಎಂದು ಬರೆಯಿರಿ. ಒಣ ಸಂಜೆಯ 24 ಜನರ ಚಿತ್ರದಲ್ಲಿ ಎಲ್ಲೂ ಮೂರು ದಾಟಬಾರದು, ಕೆಲವು ಚೌಕ ಖಾಲಿ ಇರಬೇಕು. ಎಲ್ಲ ಚೌಕದಲ್ಲೂ ಒಂದೊಂದೇ ಬಂದಿದ್ದರೆ ಹಂಚಿಕೆ ಹಾಳಾಗಿದೆ, ಜೋಡಿಗಳಿಂದ ಮತ್ತೆ ಶುರು ಮಾಡಿ. ಆಮೇಲೆ ಆ ಚಿತ್ರವನ್ನು ಅದೇ ಸ್ಟಾಪಿನಲ್ಲಿ ದಿನಾ ನಿಲ್ಲುವ ಒಬ್ಬರಿಗೆ ತೋರಿಸಿ, "ಇದರಲ್ಲಿ ನೀವು ಎಲ್ಲಿ ನಿಲ್ತೀರಿ?" ಎಂದು ಕೇಳಿ. ಅವರು ಬೆರಳಿಟ್ಟ ಜಾಗದಲ್ಲಿ ನೀವು ಯಾರನ್ನೂ ನಿಲ್ಲಿಸಿಲ್ಲವಾದರೆ, ಅಲ್ಲಿಗೆ ಒಬ್ಬರನ್ನು ತನ್ನಿ.